ಅಕ್ಷರವಲ್ಲದ ಕಪ್ಪು

ಹಳೆಯ ಪುಸ್ತಕವೊಂದರ ನೆರಳಚ್ಚು ಪ್ರತಿಯನ್ನು ಕೈಯಲ್ಲಿ ಹಿಡಿದವರಿಗೆ ಅದರ ಮುಖಚರ್ಯೆ ಅಪರಿಚಿತವಲ್ಲ. ಹಾಳೆಯ ಬಲಬದಿಯಲ್ಲಿಯೂ ಕೆಳಗಡೆಯೂ ಇದ್ದಿಲು ಬಳಿದಂತಹ ಕಪ್ಪು ಪಟ್ಟಿಯಿರುತ್ತದೆ. ಎಡಬದಿಯಲ್ಲಿ ಪುಸ್ತಕದ ಬೆನ್ನಿನ ಉದ್ದಕ್ಕೂ ನೆರಳೊಂದು ಹಬ್ಬಿ, ಸಾಲುಗಳ ಮೊದಲಕ್ಷರಗಳನ್ನು ಅರ್ಧ ನುಂಗಿರುತ್ತದೆ. ಕಡತಕ್ಕೆ ಪೋಣಿಸಲು ಯಾರೋ ಕೊರೆದ ಎರಡು ರಂಧ್ರಗಳು ಎರಡು ಕರಿಯ ಬಿಲ್ಲೆಗಳಾಗಿ ಕುಳಿತಿರುತ್ತವೆ. ಇವುಗಳ ನಡುವೆ, ಧೂಳು ಎರಚಿದಂತಹ ಚುಕ್ಕೆಗಳ ಮರೆಯಲ್ಲಿ, ಓದಬೇಕಾದ ಬರಹವಿರುತ್ತದೆ. ಮನುಷ್ಯನ ಕಣ್ಣು ಈ ಅಲಂಕಾರವನ್ನೆಲ್ಲ ಲಕ್ಷಿಸದೆ ನೇರವಾಗಿ ಅಕ್ಷರಗಳ ಬಳಿಗೆ ಹೋಗುತ್ತದೆ. ಆದರೆ ಅದೇ ಹಾಳೆಯನ್ನು ಸ್ಕ್ಯಾನರಿನಿಂದ ಚಿತ್ರವಾಗಿಸಿ, ಅಕ್ಷರಗಳನ್ನು ಗುರುತಿಸುವ ಗಣಕಕ್ಕೆ ಒಪ್ಪಿಸಿದಾಗ ಅದು ಪಟ್ಟಿಯಿಂದಲೂ ಬಿಲ್ಲೆಯಿಂದಲೂ ಅಕ್ಷರಗಳನ್ನು ಹೆಕ್ಕಲು ತೊಡಗುತ್ತದೆ. ಹೀಗೇಕೆಂದು ತಿಳಿಯಬೇಕಾದರೆ ಈ ಕಪ್ಪು ಎಲ್ಲಿಂದ ಬಂದಿತೆಂಬುದನ್ನು ಮೊದಲು ನೋಡಬೇಕು.

ನೆರಳಚ್ಚಿನ ಈ ವಿಧಾನವನ್ನು ಕಂಡುಹಿಡಿದವನು ಅಮೆರಿಕದ ಚೆಸ್ಟರ್ ಕಾರ್ಲ್‌ಸನ್. ಪೇಟೆಂಟ್ ಪತ್ರಗಳ ನಕಲು ತೆಗೆಯುವ ಬೇಸರದ ಕೆಲಸವೇ ಅವನನ್ನು ಈ ಯೋಚನೆಗೆ ಹಚ್ಚಿತು. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾ ಎಂಬ ಭಾಗದ ಸಣ್ಣ ಕೊಠಡಿಯೊಂದರಲ್ಲಿ, ಗಂಧಕ ಲೇಪಿಸಿದ ಸತುವಿನ ತಗಡಿನ ಮೇಲೆ ಅವನೂ ಅವನ ಸಹಾಯಕ ಓಟ್ಟೊ ಕಾರ್ನೈಯೂ ಆ ದಿನದ ತಾರೀಖನ್ನೂ ಸ್ಥಳದ ಹೆಸರನ್ನೂ ಮೂಡಿಸಿದರು. ಸಾಮಾನ್ಯ ಕಚೇರಿಗಳಿಗೆ ಒಗ್ಗುವ ಯಂತ್ರ ಹೊರಬಂದದ್ದು 1959ರಲ್ಲಿ. ಯಂತ್ರಗಳು ಬಹಳ ಬದಲಾಗಿದ್ದರೂ ಮೂಲತತ್ತ್ವ ಬದಲಾಗಿಲ್ಲ. ಕತ್ತಲೆಯಲ್ಲಿ ವಿದ್ಯುದಾವೇಶವನ್ನು ಹಿಡಿದಿಟ್ಟುಕೊಂಡು, ಬೆಳಕು ಬಿದ್ದೊಡನೆ ಅದನ್ನು ಬಿಟ್ಟುಕೊಡುವ ಲೇಪವುಳ್ಳ ಉರುಳೆಯೊಂದು ಯಂತ್ರದೊಳಗಿದೆ. ಗಾಜಿನ ಮೇಲೆ ಬೋರಲಾಗಿಟ್ಟ ಪುಟದ ಬಿಳಿಯ ಭಾಗ ಬೆಳಕನ್ನು ಹಿಂದಿರುಗಿಸುತ್ತದೆ. ಉರುಳೆಯ ಮೇಲೆ ಆ ಸ್ಥಳದ ಆವೇಶ ಹರಿದುಹೋಗುತ್ತದೆ. ಮಸಿಯಿರುವ ಭಾಗ ಬೆಳಕನ್ನು ಹೀರಿಕೊಳ್ಳುವುದರಿಂದ ಅಲ್ಲಿ ಆವೇಶ ಉಳಿಯುತ್ತದೆ. ಉಳಿದಲ್ಲಿ ಕರಿಯ ಪುಡಿ ಅಂಟುತ್ತದೆ. ಆ ಪುಡಿ ಕಾಗದಕ್ಕೆ ವರ್ಗವಾಗಿ, ಬಿಸಿಗೆ ಕರಗಿ ನೆಲೆಗೊಳ್ಳುತ್ತದೆ.

ಯಂತ್ರಕ್ಕೆ ಅಕ್ಷರವೆಂಬುದೇ ಗೊತ್ತಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಬೆಳಕು ಮರಳಿತೆ, ಇಲ್ಲವೆ ಎಂಬುದಷ್ಟೇ ಅದರ ಪ್ರಶ್ನೆ. ದಪ್ಪ ಪುಸ್ತಕವನ್ನು ಗಾಜಿನ ಮೇಲಿಟ್ಟಾಗ ಮುಚ್ಚಳ ಮುಚ್ಚಲಾಗುವುದಿಲ್ಲ. ಪುಸ್ತಕದಾಚೆಗೆ ಹೋದ ಬೆಳಕು ಕೊಠಡಿಯ ಮಾಡಿನತ್ತ ಚದುರಿ ಹೋಗಿ ಹಿಂದಿರುಗುವುದಿಲ್ಲ. ಆ ಸ್ಥಳವೆಲ್ಲ ಮಸಿ ಬಳಿದ ಅಕ್ಷರದಂತೆಯೇ ಯಂತ್ರಕ್ಕೆ ತೋರುತ್ತದೆ. ಇದೇ ಕಪ್ಪು ಪಟ್ಟಿಯ ಹುಟ್ಟು. ಹಾಳೆಯಲ್ಲಿ ರಂಧ್ರವಿದ್ದರೆ ಅದರ ಮೂಲಕವೂ ಬೆಳಕು ಹೀಗೆಯೇ ಪಾರಾಗುತ್ತದೆ, ಬಿಲ್ಲೆ ಮೂಡುತ್ತದೆ. ಬೆನ್ನಿನ ಬಳಿ ಪುಟ ಬಾಗಿ ಗಾಜಿನಿಂದ ಮೇಲೇಳುವುದರಿಂದ ಅಲ್ಲಿಗೆ ತಲಪುವ ಬೆಳಕೂ ಕಡಿಮೆ, ಮರಳುವ ಬೆಳಕೂ ಕಡಿಮೆ. ಆದುದರಿಂದ ಅಲ್ಲಿ ಬಿಳಿಯ ಕಾಗದವೇ ಬೂದುಬಣ್ಣಕ್ಕೆ ತಿರುಗಿ, ಸಾಲುಗಳು ಡೊಂಕಾಗಿ, ಅಕ್ಷರಗಳು ಒತ್ತಿದಂತೆ ಕಿರಿದಾಗಿ ಕಾಣುತ್ತವೆ.

ಗಣಕವೂ ಇದೇ ಪ್ರಶ್ನೆಯಿಂದ ಆರಂಭಿಸುತ್ತದೆ. ಸ್ಕ್ಯಾನರು ಒಂದು ಅಂಗುಲಕ್ಕೆ 300 ಬಿಂದುಗಳಂತೆ ಹಾಳೆಯನ್ನು ಅಳೆದರೆ, ಎ4 ಅಳತೆಯ ಹಾಳೆ ಅಡ್ಡಲಾಗಿ 2480, ಉದ್ದಕ್ಕೆ 3508 ಬಿಂದುಗಳ ಚೌಕುಳಿಯಾಗುತ್ತದೆ. ಈ ಬಿಂದುಗಳಿಗೇ ಪಿಕ್ಸೆಲ್ ಎಂದು ಹೆಸರು. ಪ್ರತಿಯೊಂದು ಪಿಕ್ಸೆಲಿಗೂ ಸೊನ್ನೆಯಿಂದ 255ರ ವರೆಗೆ ಒಂದು ಅಂಕಿ ಸಲ್ಲುತ್ತದೆ. ಸೊನ್ನೆಯೆಂದರೆ ಕಡುಕಪ್ಪು, 255 ಎಂದರೆ ಅಚ್ಚಬಿಳಿ. ಯಾವುದೋ ಒಂದು ಅಂಕಿಯನ್ನು ಗಡಿಯೆಂದು ಹಿಡಿದು, ಅದಕ್ಕಿಂತ ಕೆಳಗಿನದೆಲ್ಲ ಕಪ್ಪು, ಮೇಲಿನದೆಲ್ಲ ಬಿಳಿ ಎಂದು ಗಣಕ ತೀರ್ಮಾನಿಸುತ್ತದೆ. ಬಳಿಕ ಒಂದಕ್ಕೊಂದು ತಾಗಿರುವ ಕಪ್ಪು ಬಿಂದುಗಳನ್ನು ಒಂದೊಂದು ತುಂಡಾಗಿ ಗುಂಪು ಮಾಡಿ, ತುಂಡುಗಳನ್ನು ಸಾಲುಗಳಾಗಿ ಜೋಡಿಸಿ, ಅಕ್ಷರಗಳನ್ನು ಓದುತ್ತದೆ. ಪಟ್ಟಿಯೂ ಬಿಲ್ಲೆಯೂ ನೆರಳೂ ಅದಕ್ಕೆ ತುಂಡುಗಳೇ. ಅವುಗಳನ್ನು ಬೇರ್ಪಡಿಸುವ ಕೆಲಸ ಓದುವುದಕ್ಕೆ ಮೊದಲೇ ಆಗಬೇಕು.

ಒಂದು ಪುಟವನ್ನು ಉದಾಹರಣೆಗೆ ತೆಗೆದುಕೊಂಡರೆ ವಿಷಯ ತಿಳಿಯಾಗುತ್ತದೆ. ಊರೊಂದರ ದೇವಸ್ಥಾನ, ಕೆರೆ, ದತ್ತಿಗಳ ವಿವರವಿರುವ ಸಣ್ಣ ಪುಸ್ತಕವೊಂದನ್ನು ಊಹಿಸಬಹುದು. ಅಚ್ಚಾದ ಪ್ರತಿಗಳು ಗೆದ್ದಲಿಗೆ ತುತ್ತಾಗಿವೆ. ಉಳಿದಿರುವುದು ನೆರಳಚ್ಚಿನ ಒಂದು ಕಡತ ಮಾತ್ರ. ಪುಸ್ತಕದ ಪುಟ 140 ಮಿಲಿಮೀಟರ್ ಅಗಲ, 216 ಮಿಲಿಮೀಟರ್ ಉದ್ದ. ಅದನ್ನು ಎ4 ಹಾಳೆಗೆ ಇಳಿಸುವಾಗ ಬೆನ್ನು ಹಾಳೆಯ ಎಡ ಅಂಚಿನಿಂದ 30 ಮಿಲಿಮೀಟರ್ ಒಳಗೆ ಬಿದ್ದಿದೆ. ಆದ್ದರಿಂದ ಬಲಗಡೆ 40 ಮಿಲಿಮೀಟರ್, ಕೆಳಗೆ 81 ಮಿಲಿಮೀಟರ್ ಕಪ್ಪು ಪಟ್ಟಿ. ಆ ಪ್ರತಿಯನ್ನು ರಂಧ್ರ ಕೊರೆದು ಕಡತಕ್ಕೆ ಹಾಕಿದ ಮೇಲೆ ಯಾರೋ ಮುಚ್ಚಳ ತೆರೆದಿಟ್ಟುಕೊಂಡೇ ಅದರಿಂದ ಇನ್ನೊಂದು ಪ್ರತಿ ತೆಗೆದಿದ್ದಾರೆ. ಈಗ ಎದುರಿಗಿರುವುದು ಪ್ರತಿಯ ಪ್ರತಿ.

ಮೊದಲು ಹೋಗಬೇಕಾದದ್ದು ಕಪ್ಪು ಪಟ್ಟಿ. ಹಾಳೆ ಓರೆಯಾಗಿದ್ದರೆ ಅದನ್ನು ನೇರ್ಪಡಿಸುವ ಕೆಲಸವನ್ನು ಇದಕ್ಕೂ ಮೊದಲು ಮಾಡಬಹುದೆಂದು ತೋರಬಹುದು. ಆದರೆ ಪಟ್ಟಿಯ ಅಂಚು ಉದ್ದವಾದ ನೇರಗೆರೆಯಾದುದರಿಂದ ಗಣಕ ಸಾಲುಗಳ ಓರೆಯನ್ನು ಬಿಟ್ಟು ಪಟ್ಟಿಯ ಓರೆಯನ್ನೇ ಅಳೆದುಬಿಡುತ್ತದೆ. ಹಾಳೆಯ ಅಂಚಿಗೆ ತಾಗಿರುವ ಕಪ್ಪನ್ನೆಲ್ಲ ಅಳಿಸಿಬಿಡುವುದು ಸುಲಭದ ಉಪಾಯ. ಅದರಲ್ಲಿ ಒಂದು ಅಪಾಯವಿದೆ. ಬಲಬದಿಯ ಸಾಲೊಂದರ ಕೊನೆಯ ಅಕ್ಷರ ಪಟ್ಟಿಗೆ ತಾಗಿದ್ದರೆ ಗಣಕದ ಲೆಕ್ಕದಲ್ಲಿ ಎರಡೂ ಸೇರಿ ಒಂದೇ ತುಂಡು. ಪಟ್ಟಿಯೊಡನೆ ಅಕ್ಷರವೂ ಅಳಿಯುತ್ತದೆ. ಆದಕಾರಣ ಬಲ್ಲವರು ಇನ್ನೊಂದು ದಾರಿ ಹಿಡಿಯುತ್ತಾರೆ. ಈರುಳ್ಳಿಯ ಸಿಪ್ಪೆ ಸುಲಿಯುವಂತೆ ಪ್ರತಿಯೊಂದು ಕಪ್ಪು ತುಂಡಿನ ಸುತ್ತಲಿನಿಂದಲೂ ಒಂದೊಂದು ಪಿಕ್ಸೆಲನ್ನು ಸುಲಿಯುತ್ತ ಬರುತ್ತಾರೆ. ಈ ಅಚ್ಚಿನಲ್ಲಿ ಅಕ್ಷರದ ಗೆರೆಯ ದಪ್ಪ ಐದಾರು ಪಿಕ್ಸೆಲ್. ಮೂರು ಸಲ ಸುಲಿದರೆ ಏನೂ ಉಳಿಯದು. ಬಲಗಡೆಯ ಪಟ್ಟಿಯ ದಪ್ಪವಾದರೋ 470 ಪಿಕ್ಸೆಲಿಗೂ ಹೆಚ್ಚು. ಹತ್ತು ಸಲ ಸುಲಿದರೂ ಅದು ಹಾಗೆಯೇ ನಿಲ್ಲುತ್ತದೆ. ಉಳಿದದ್ದನ್ನು ಮತ್ತೆ ಹತ್ತು ಪಿಕ್ಸೆಲ್ ಬೆಳೆಸಿದರೆ ಅಕ್ಷರಗಳಿಲ್ಲದ ಬರಿಯ ಪಟ್ಟಿ ದೊರೆಯುತ್ತದೆ. ಆ ಆಕಾರವನ್ನು ಮೂಲಚಿತ್ರದಿಂದ ಕಳೆದರೆ, ಪಟ್ಟಿಗೆ ತಾಗಿದ್ದ ಅಕ್ಷರ ತಾಗಿದ ಕಡೆ ಮಾತ್ರ ತುಸು ಸವೆದು ಉಳಿದುಕೊಳ್ಳುತ್ತದೆ. ಪುಟದಲ್ಲಿರುವ ಚಿತ್ರಗಳೂ ದಪ್ಪ ಶೀರ್ಷಿಕೆಗಳೂ ಈ ಸುಲಿತವನ್ನು ತಾಳಿಕೊಳ್ಳಬಲ್ಲವು. ಆದುದರಿಂದ ಸುಲಿದ ಮೇಲೂ ಹಾಳೆಯ ಅಂಚನ್ನು ಮುಟ್ಟಿರುವುದನ್ನು ಮಾತ್ರ ಪಟ್ಟಿಯೆಂದು ಎಣಿಸಬೇಕು. ಬೆನ್ನಿನ ನೆರಳಿರುವ ಎಡಬದಿಯನ್ನು ಈ ಹಂತದಲ್ಲಿ ಮುಟ್ಟಲೇಬಾರದು. ಅದು ಹಾಳೆಯ ಮೇಲಂಚನ್ನು ತಾಗಿರುವುದರಿಂದ ಪಟ್ಟಿಯಂತೆಯೇ ತೋರಿ, ತನ್ನೊಳಗಿನ ಅಕ್ಷರಗಳನ್ನೂ ಕರೆದುಕೊಂಡು ಹೋಗುತ್ತದೆ.

ಬಿಲ್ಲೆಗಳ ವಿಷಯ ಇಷ್ಟು ಕಷ್ಟದ್ದಲ್ಲ. ಕಚೇರಿಗಳಲ್ಲಿ ಬಳಸುವ ಎರಡು ರಂಧ್ರದ ಕೊರೆಯುಳಿಗೆ ಅಂತರರಾಷ್ಟ್ರೀಯ ಅಳತೆಯೊಂದು ಗೊತ್ತಾಗಿದೆ. ರಂಧ್ರದ ವ್ಯಾಸ 6 ಮಿಲಿಮೀಟರ್, ಒಂದರ ಕೇಂದ್ರದಿಂದ ಇನ್ನೊಂದರ ಕೇಂದ್ರಕ್ಕೆ 80 ಮಿಲಿಮೀಟರ್, ಹಾಳೆಯ ಅಂಚಿನಿಂದ ಕೇಂದ್ರಕ್ಕೆ 12 ಮಿಲಿಮೀಟರ್. ಸ್ಕ್ಯಾನರಿನ ಚಿತ್ರದಲ್ಲಿ ಇವು ಕ್ರಮವಾಗಿ ಸುಮಾರು 71, 945 ಮತ್ತು 142 ಪಿಕ್ಸೆಲ್‌ಗಳು. ಈ ಪುಟದಲ್ಲಿ ಒಂದು ಸಾಲಿನಿಂದ ಮುಂದಿನ ಸಾಲಿಗೆ ಇರುವ ದೂರ 75 ಪಿಕ್ಸೆಲ್ಲೆಂದರೆ ಬಿಲ್ಲೆ ಎಷ್ಟು ತೊಡಕುಂಟುಮಾಡೀತೆಂಬುದನ್ನು ಊಹಿಸಬಹುದು. ಅದು ಇಡೀ ಸಾಲಿನಷ್ಟು ಎತ್ತರವಾಗಿ ಎರಡು ಸಾಲುಗಳ ನಡುವೆ ಕುಳಿತರೆ, ಗಣಕ ಎರಡನ್ನೂ ಬೆಸೆದು ಒಂದೇ ಸಾಲೆಂದು ಓದುವುದುಂಟು. ಇಲ್ಲವೆ ಬಿಲ್ಲೆಯನ್ನೇ ಸೊನ್ನೆಯೆಂದು ಬರೆದುಕೊಳ್ಳುವುದುಂಟು.

ಕನ್ನಡದಲ್ಲಿ ದುಂಡಗಿನ ಆಕಾರಗಳಿಗೆ ಕೊರತೆಯಿಲ್ಲ. ಅನುಸ್ವಾರವೇ ಒಂದು ವೃತ್ತ. ಆದರೆ ಈ ಅಚ್ಚಿನಲ್ಲಿ ಅದರ ಅಗಲ ಇಪ್ಪತ್ತು ಪಿಕ್ಸೆಲ್ಲಿನ ಆಸುಪಾಸು, ಮತ್ತು ಅದರ ಒಡಲು ಟೊಳ್ಳು. ಬಿಲ್ಲೆಯಾದರೋ ಘನವೃತ್ತ. ಅದನ್ನು ಚೌಕದೊಳಗಿಟ್ಟರೆ ಚೌಕದ ಶೇಕಡಾ 78ರಷ್ಟು ಭಾಗವನ್ನು ತುಂಬುತ್ತದೆ. ಇಷ್ಟು ದೊಡ್ಡದಾಗಿ ಹೀಗೆ ತುಂಬುವ ಅಕ್ಷರವಿಲ್ಲ. ಪ್ರತಿ ತೆಗೆಯುವಾಗ ಹಿಗ್ಗಿಸಿದ್ದರೆ ಅಥವಾ ಕುಗ್ಗಿಸಿದ್ದರೆ ಮಿಲಿಮೀಟರಿನ ಲೆಕ್ಕ ತಪ್ಪುತ್ತದೆಂಬುದು ನಿಜ. ಆಗಲೂ ಕೇಂದ್ರಗಳ ನಡುವಣ ದೂರ ವ್ಯಾಸದ ಹದಿಮೂರೂಕಾಲು ಪಟ್ಟಿಗಿಂತ ತುಸು ಹೆಚ್ಚಾಗಿಯೇ ಇರುತ್ತದೆ. ಹಿಗ್ಗಿದರೂ ಕುಗ್ಗಿದರೂ ಈ ಪ್ರಮಾಣ ಕೆಡುವುದಿಲ್ಲ. ಒಂದೇ ನೆಟ್ಟಗೆರೆಯ ಮೇಲೆ, ಇದೇ ಪ್ರಮಾಣದ ಅಂತರದಲ್ಲಿ, ಸಮಾನವಾದ ಎರಡು ಘನವೃತ್ತಗಳು ಸಿಕ್ಕಿದರೆ ಅವು ರಂಧ್ರಗಳೆಂಬುದರಲ್ಲಿ ಸಂದೇಹವಿಲ್ಲ. ರಂಧ್ರ ಅಕ್ಷರದ ಮೇಲೆಯೇ ಬಿದ್ದಿದ್ದರೆ ಮಾತ್ರ ಉಪಾಯವಿಲ್ಲ. ಕೊರೆಯುಳಿ ಆ ಅಕ್ಷರವನ್ನು ಕಾಗದದೊಡನೆ ಕತ್ತರಿಸಿ ಎಸೆದಿದೆ. ಬಿಲ್ಲೆಯನ್ನು ಅಳಿಸಿ ಆ ಜಾಗವನ್ನು ಸುಮ್ಮನೆ ಬಿಳಿಯಾಗಿ ಬಿಟ್ಟರೆ ಮುಂದಿನ ಓದುಗನಿಗೆ ಅಲ್ಲಿ ಏನೂ ಇರಲಿಲ್ಲವೆಂಬ ಭ್ರಮೆಯುಂಟಾಗುತ್ತದೆ. ಆದ್ದರಿಂದ ಅಲ್ಲಿ ಅಕ್ಷರ ಲೋಪವಾಗಿದೆಯೆಂಬ ಗುರುತನ್ನು ಉಳಿಸುವುದು ವಾಡಿಕೆ. ಈ ಪುಟದ ಮಟ್ಟಿಗೆ ರಂಧ್ರಗಳು ಬಿದ್ದಿರುವುದು ಬೆನ್ನಿನ ಎಡಗಡೆ, ಅಂದರೆ ಎದುರುಪುಟದ ತುಣುಕಿನ ಮೇಲೆ, ಅದೃಷ್ಟವೆನ್ನಬೇಕು.

ಆ ಎದುರುಪುಟದ ತುಣುಕು ಬೇರೊಂದು ಬಗೆಯ ತೊಡಕು. ಅಲ್ಲಿರುವ ಗುರುತುಗಳು ಕೊಳೆಯಲ್ಲ, ಧೂಳಲ್ಲ, ನಿಜವಾದ ಅಕ್ಷರಗಳೇ. ಆದರೆ ಅವು ಈ ಪುಟದವಲ್ಲ. ಹಿಂದಿನ ಪುಟದ ಸಾಲುಗಳ ಬಾಲಗಳು ಈ ಪುಟದ ಸಾಲುಗಳ ತಲೆಗೆ ಅಂಟಿಕೊಂಡು, ಯಾವ ಪುಸ್ತಕದಲ್ಲಿಯೂ ಇಲ್ಲದ ವಾಕ್ಯಗಳು ಹುಟ್ಟುತ್ತವೆ. ಅಕ್ಷರದ ಆಕಾರವನ್ನೆಷ್ಟು ಪರೀಕ್ಷಿಸಿದರೂ ಇದು ತಿಳಿಯದು, ಸ್ಥಾನವನ್ನೇ ನೋಡಬೇಕು. ಈ ಪುಟದ ಸಾಲುಗಳೆಲ್ಲ ಎಡಗಡೆ ಒಂದೇ ನೆಟ್ಟಗೆರೆಯಿಂದ ಆರಂಭವಾಗುತ್ತವೆ. ಆ ಗೆರೆಗೂ ತುಣುಕಿಗೂ ನಡುವೆ ಬೆನ್ನಿನ ಖಾಲಿ ಜಾಗವಿದೆ. ಗೆರೆಯ ಎಡಕ್ಕಿರುವುದನ್ನೆಲ್ಲ ಈ ಪುಟದ ಲೆಕ್ಕದಿಂದ ಹೊರಗಿಡಲಾಗುತ್ತದೆ.

ಇನ್ನು ಬೆನ್ನಿನ ನೆರಳು. ಅಕ್ಷರದ ಮೇಲೆಯೇ ಹಬ್ಬಿರುವುದರಿಂದ ಅದನ್ನು ಪಟ್ಟಿಯಂತೆ ಕತ್ತರಿಸಿ ತೆಗೆಯುವಂತಿಲ್ಲ. ಈ ಪುಟದ ಬಯಲಿನಲ್ಲಿ ಕಾಗದದ ಅಂಕಿ 230, ಅಕ್ಷರದ ಅಂಕಿ 40 ಎಂದಿಟ್ಟುಕೊಳ್ಳಬಹುದು. ಕಪ್ಪು ಬಿಳುಪುಗಳೆರಡೂ ಆದಷ್ಟು ದೂರವಾಗಿ ಒಡೆಯುವಂತೆ ಗಡಿಯನ್ನು ಆರಿಸುವ ಕ್ರಮವೊಂದನ್ನು ಜಪಾನಿನ ನೊಬುಯುಕಿ ಓಟ್ಸು 1979ರಲ್ಲಿ ಪ್ರಕಟಿಸಿದನು. ಅದು ಇಂದಿಗೂ ಬಳಕೆಯಲ್ಲಿದೆ. ಈ ಪುಟಕ್ಕೆ ಗಡಿ ಸುಮಾರು 135ಕ್ಕೆ ಬೀಳುತ್ತದೆಂದು ಭಾವಿಸಬಹುದು. ನೆರಳಿನೊಳಗೆ ಕಾಗದವೇ 100ಕ್ಕೆ ಇಳಿದಿದೆ, ಅಕ್ಷರ 30ಕ್ಕೆ. ಎರಡೂ ಗಡಿಯ ಕೆಳಗಾದುದರಿಂದ ಎರಡೂ ಕಪ್ಪು; ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿದ್ದ ಅಕ್ಷರ ಗಣಕಕ್ಕೆ ಕಾಣದಾಗುತ್ತದೆ. ಇಡೀ ಪುಟಕ್ಕೆ ಒಂದೇ ಗಡಿಯೆಂಬುದೇ ಇಲ್ಲಿನ ದೋಷ. ಪ್ರತಿಯೊಂದು ಬಿಂದುವಿನ ಸುತ್ತಲೂ ಒಂದು ಸಾಲಿನಷ್ಟು ಅಗಲದ ಸಣ್ಣ ಕಿಟಕಿಯನ್ನು ತೆರೆದು, ಆ ಕಿಟಕಿಯೊಳಗಿನ ಸರಾಸರಿಗಿಂತ ಈ ಬಿಂದು ಎಷ್ಟು ಕಪ್ಪು ಎಂದು ಕೇಳಿದರೆ ಉತ್ತರ ಬೇರೆಯಾಗುತ್ತದೆ. ನೆರಳಿನಲ್ಲಿ ಸರಾಸರಿ 90ರಷ್ಟಿದ್ದರೆ 30 ಅದಕ್ಕಿಂತ ಬಹಳ ಕೆಳಗೆ, ಅದು ಅಕ್ಷರ. 100 ಸರಾಸರಿಯ ಬಳಿಯಲ್ಲೇ ಇದೆ, ಅದು ಕಾಗದ.

ಕಿಟಕಿಯೊಳಗೆ ಅಂಕಿಗಳ ಏರಿಳಿತ ಎಷ್ಟಿದೆಯೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ರಮವನ್ನು ಸೌವೊಲಾ ಮತ್ತು ಪಿಯೆಟಿಕೈನೆನ್ ಎಂಬ ಫಿನ್ಲೆಂಡಿನ ವಿದ್ವಾಂಸರು 2000ದಲ್ಲಿ ಮುಂದಿಟ್ಟರು. ಏರಿಳಿತವಿಲ್ಲದ ಕಡೆ ಅಕ್ಷರವೂ ಇರಲಾರದೆಂಬ ಎಣಿಕೆಯಿಂದ ಇದು ಖಾಲಿ ಜಾಗದ ಮಬ್ಬನ್ನು ಬಿಳಿಯಾಗಿಸುತ್ತದೆ. ಇದರದೊಂದು ವಿನೋದವೂ ಇದೆ. ಕಪ್ಪು ಪಟ್ಟಿಯನ್ನು ಮೊದಲೇ ತೆಗೆಯದೆ ಈ ಕ್ರಮವನ್ನು ಅನ್ವಯಿಸಿದರೆ, ಏರಿಳಿತವಿಲ್ಲದ ಪಟ್ಟಿಯ ಒಡಲು ಬಿಳಿಯಾಗಿ, ಅದರ ಅಂಚು ಮಾತ್ರ ಕಪ್ಪು ಗೆರೆಯಾಗಿ ಉಳಿಯುತ್ತದೆ. ಆ ಗೆರೆಯನ್ನು ಮತ್ತೆ ಸುಲಿತದಿಂದ ಹಿಡಿಯುವುದು ಪಟ್ಟಿಯನ್ನು ಹಿಡಿದಷ್ಟು ಸುಲಭವಲ್ಲ. ಕೆಲಸಗಳ ಅನುಕ್ರಮ ತಪ್ಪಬಾರದೆಂದು ಹೇಳುವುದು ಇಂತಹ ಕಾರಣಗಳಿಂದ.

ಆದರೂ ಈ ಉಪಾಯಕ್ಕೆ ಒಂದು ಮೇರೆಯುಂಟು. ಪುಸ್ತಕವನ್ನೇ ಸ್ಕ್ಯಾನರಿನ ಮೇಲಿಟ್ಟಿದ್ದರೆ ನೆರಳು ಬೂದುಬಣ್ಣದಲ್ಲಿರುತ್ತದೆ, ಅಕ್ಷರ ಅದರೊಳಗೆ ಉಳಿದಿರುತ್ತದೆ. ನೆರಳಚ್ಚಿನ ಯಂತ್ರವಾದರೋ ಬೂದುಬಣ್ಣವನ್ನು ಕಾಪಾಡುವುದರಲ್ಲಿ ಉದಾರಿಯಲ್ಲ. ಪ್ರತಿಯ ಪ್ರತಿಯಾದಂತೆ ಬೂದು ಕಪ್ಪಿನತ್ತ ಸರಿಯುತ್ತದೆ. ಉದಾಹರಣೆಯ ಪುಟದಲ್ಲಿ ನೆರಳಿನ ಮೇಲರ್ಧ ಬೂದಾಗಿದ್ದು, ಅಲ್ಲಿನ ಸಾಲುಗಳ ಮೊದಲಕ್ಷರಗಳೆಲ್ಲ ಮರಳಿ ದೊರೆತಿವೆ. ಕೆಳಗಿನ ನಾಲ್ಕು ಸಾಲುಗಳ ಬಳಿ ಪುಡಿ ಘನವಾಗಿ ಕುಳಿತಿದೆ. ಅಲ್ಲಿ ಕಾಗದದ ಅಂಕಿ ಎಷ್ಟು, ಅಕ್ಷರದ ಅಂಕಿ ಎಷ್ಟು ಎಂದು ಚಿತ್ರವನ್ನು ಹಿಗ್ಗಿಸಿ ಓದಿದರೆ ಎರಡೂ 35ರ ಆಸುಪಾಸಿನಲ್ಲಿಯೇ ಇವೆ. ಅಂತರವೇ ಇಲ್ಲದ ಮೇಲೆ ಯಾವ ಕಿಟಕಿಯೂ ಯಾವ ಲೆಕ್ಕವೂ ಅಕ್ಷರವನ್ನು ಹೊರತೆಗೆಯಲಾರದು. ಕಡತದಲ್ಲಿ ಇದಕ್ಕೂ ಹಿಂದಿನ ಪ್ರತಿಯಿದ್ದರೆ ಅದನ್ನು ಹುಡುಕಬೇಕು, ಅದೊಂದೇ ದಾರಿ.

ಕೊನೆಗೆ ಉಳಿಯುವುದು ಚುಕ್ಕೆಗಳು. ಎಲ್ಲಕ್ಕಿಂತ ಕಿರಿದಾದ ಇವೇ ಕನ್ನಡದ ಪುಟಕ್ಕೆ ಎಲ್ಲಕ್ಕಿಂತ ಕೇಡು ಮಾಡಬಲ್ಲವು. ಇಷ್ಟು ಪಿಕ್ಸೆಲಿಗಿಂತ ಚಿಕ್ಕದಾದ ತುಂಡುಗಳನ್ನೆಲ್ಲ ಅಳಿಸು ಎಂಬ ಆಜ್ಞೆ ಸಾಮಾನ್ಯವಾಗಿ ಎಲ್ಲ ತಂತ್ರಾಂಶಗಳಲ್ಲಿಯೂ ಇರುತ್ತದೆ. ಕನ್ನಡದ ‘ಠ’ಕಾರವೆಂದರೆ ‘ರ’ಕಾರದ ವೃತ್ತದೊಳಗೆ ಒಂದು ಒಂಟಿ ಬಿಂದು. ಈ ಅಚ್ಚಿನಲ್ಲಿ ಆ ಬಿಂದುವಿನ ಅಗಲ ಐದಾರು ಪಿಕ್ಸೆಲ್. ‘ಥ’ಕಾರದ ನಡುವಣ ಬಿಂದುವೂ ಅಷ್ಟೇ. ಆಜ್ಞೆ ತುಸು ಬಿಗಿಯಾದರೆ ಈ ಬಿಂದುಗಳು ಧೂಳಿನೊಡನೆ ಹಾರಿಹೋಗುತ್ತವೆ. ‘ಪಾಠ’ ‘ಪಾರ’ವಾಗುತ್ತದೆ, ‘ಮಠ’ ‘ಮರ’ವಾಗುತ್ತದೆ. ಆಜ್ಞೆ ಸಡಿಲವಾದರೆ ಧೂಳಿನ ಕಣವೊಂದು ‘ರ’ಕಾರದ ಹೊಟ್ಟೆಯಲ್ಲಿ ಕುಳಿತು ಮರವನ್ನು ಮಠವಾಗಿಸುತ್ತದೆ. ಅಳಿಸಿದ ಕೊಳೆ ಓದಿಗೆ ಅಡ್ಡಿಯಾಗುವುದಿಲ್ಲ, ಉಳಿದ ಕೊಳೆಯೂ ಕಣ್ಣಿಗೆ ಬೀಳುತ್ತದೆ. ಆದರೆ ‘ಮರ’ವೂ ‘ಮಠ’ವೂ ನಿಘಂಟಿನಲ್ಲಿರುವ ಶಬ್ದಗಳಾದುದರಿಂದ ಇಂತಹ ತಪ್ಪು ಯಾರಿಗೂ ತಪ್ಪಾಗಿ ತೋರುವುದಿಲ್ಲ.

ಗಾತ್ರವೊಂದರಿಂದಲೇ ಇದನ್ನು ತೀರ್ಮಾನಿಸಲಾಗದು. ಮೂರು ಪಿಕ್ಸೆಲಿಗಿಂತ ಕಿರಿದಾದುದನ್ನು ನಿಶ್ಚಿಂತೆಯಿಂದ ಅಳಿಸಬಹುದು. ಅದಕ್ಕಿಂತ ದೊಡ್ಡದನ್ನು ಎರಡು ಬಗೆಯಾಗಿ ಪರೀಕ್ಷಿಸುತ್ತಾರೆ. ಮೊದಲನೆಯದು, ಬಿಂದು ವೃತ್ತದ ನಟ್ಟನಡುವೆ ಇದೆಯೆ, ಅದೇ ಪುಟದ ಸಂದೇಹವಿಲ್ಲದ ‘ಠ’ಕಾರಗಳ ಬಿಂದುವಿನಷ್ಟೇ ಇದೆಯೆ ಎಂದು ಹೋಲಿಸುವುದು. ಎರಡನೆಯದು ಇನ್ನೂ ಸೊಗಸಾದದ್ದು. ಯಂತ್ರದ ಗಾಜಿನ ಮೇಲೆ ಅಂಟಿದ ಕಲೆ ಒಂದೇ ಸಲಕ್ಕೆ ತೆಗೆದ ಎಲ್ಲ ಹಾಳೆಗಳಲ್ಲಿಯೂ ಒಂದೇ ಸ್ಥಳದಲ್ಲಿ ಮೂಡುತ್ತದೆ. ಕಡತದ ಹತ್ತಿಪ್ಪತ್ತು ಹಾಳೆಗಳ ಚಿತ್ರಗಳನ್ನು ಅಂಚಿಗೆ ಅಂಚು ಸೇರುವಂತೆ ಒಂದರ ಮೇಲೊಂದಿಟ್ಟು ನೋಡಿದರೆ ಅಕ್ಷರಗಳು ಪುಟದಿಂದ ಪುಟಕ್ಕೆ ಬದಲಾಗುತ್ತವೆ, ಕಲೆ ಮಾತ್ರ ಕದಲದೆ ನಿಲ್ಲುತ್ತದೆ. ಈ ಹೋಲಿಕೆಯನ್ನು ಹಾಳೆಯನ್ನು ನೇರ್ಪಡಿಸುವ ಮೊದಲೇ ಮಾಡಬೇಕು. ನೇರ್ಪಡಿಸಿದ ಮೇಲೆ ಪ್ರತಿ ಹಾಳೆಯೂ ಒಂದೊಂದು ಕೋನಕ್ಕೆ ತಿರುಗಿ ಕಲೆಯ ಸ್ಥಾನವೂ ಕದಲಿಬಿಡುತ್ತದೆ.

ಇಷ್ಟೆಲ್ಲ ಮುಗಿದ ಮೇಲೆ ಶುದ್ಧವಾದ ಪುಟವನ್ನು ನೋಡಿ ತೃಪ್ತಿಪಡುವುದು ವಾಡಿಕೆ. ಅನುಭವಿಗಳು ನೋಡುವುದು ಅದನ್ನಲ್ಲ, ಅಳಿಸಿಹೋದ ಗುರುತುಗಳನ್ನು. ಮೂಲಚಿತ್ರದಿಂದ ಶುದ್ಧಚಿತ್ರವನ್ನು ಕಳೆದು, ತೆಗೆದ ಕಪ್ಪನ್ನೆಲ್ಲ ಬೇರೊಂದು ಹಾಳೆಯಲ್ಲಿ ಮೂಡಿಸಿಕೊಳ್ಳುತ್ತಾರೆ. ಅದರಲ್ಲಿ ಪಟ್ಟಿ, ಎರಡು ಬಿಲ್ಲೆ, ಎದುರುಪುಟದ ತುಣುಕು, ಅಲ್ಲಲ್ಲಿ ಚೆಲ್ಲಿದ ಧೂಳು ಇವಿಷ್ಟೇ ಇರಬೇಕು. ಸಾಲುಗಳ ಅಂತರಕ್ಕೆ ಸರಿಯಾಗಿ ಕೊಂಡಿಯಂತಹ ಸಣ್ಣ ಆಕಾರಗಳು ಸಾಲುಗಟ್ಟಿ ಕಂಡುಬಂದರೆ ಅವು ಒತ್ತಕ್ಷರಗಳು. ಅಕ್ಷರದ ಕೆಳಗೆ ಬೇರೆಯಾಗಿ ನಿಲ್ಲುವ ಅವನ್ನು ಗಣಕ ಕೊಳೆಯೆಂದು ಬಗೆದಿದೆ. ಆಜ್ಞೆಯನ್ನು ಸಡಿಲಿಸಿ ಮೊದಲಿನಿಂದ ಆರಂಭಿಸಬೇಕು. ಮೂಲಚಿತ್ರವನ್ನು ತಿದ್ದದೆ ಹಾಗೆಯೇ ಇರಿಸಿಕೊಂಡವರಿಗೆ ಮಾತ್ರ ಇದು ಸಾಧ್ಯ.

ಉದಾಹರಣೆಯ ಪುಟದಲ್ಲಿ ಹೀಗೆ ನೋಡುವಾಗ, ಪುಟದ ನಡುವಿನ ಸಾಲೊಂದರ ಎಡೆಯಲ್ಲಿ ಐದು ಪಿಕ್ಸೆಲಿನ ಒಂದೇ ಒಂದು ಬಿಂದು ಅಳಿಸಿದ ಹಾಳೆಗೆ ಬಂದಿರುವುದು ಕಾಣುತ್ತದೆ. ಶುದ್ಧಪುಟದಲ್ಲಿ ಆ ಸ್ಥಳದ ವಾಕ್ಯ, ದತ್ತಿಯ ಭೂಮಿ ‘ಮರದ ಹಿಂದೆ’ ಇದೆಯೆಂದು ಹೇಳುತ್ತದೆ. ಬಿಂದು ಮರಳಿದರೆ ಭೂಮಿ ‘ಮಠದ ಹಿಂದೆ’ ಹೋಗುತ್ತದೆ. ಕಡತದ ಬೇರೆ ಹಾಳೆಗಳನ್ನು ಮೇಲಿಟ್ಟು ನೋಡಿದಾಗ ಆ ಜಾಗದಲ್ಲಿ ಕಲೆಯಿಲ್ಲ. ಆದುದರಿಂದ ಅದು ಗಾಜಿನ ಕೊಳೆಯಲ್ಲ. ವೃತ್ತದ ನಡುವಿನಿಂದ ಅದು ಎರಡು ಪಿಕ್ಸೆಲ್ ಬಲಕ್ಕಿದೆ. ಪುಟದ ಉಳಿದ ‘ಠ’ಕಾರಗಳಲ್ಲಿ ಒಂದು ಪಿಕ್ಸೆಲಿಗಿಂತ ಹೆಚ್ಚಿನ ಓಲಿಕೆಯಿಲ್ಲ. ಒಂದು ಸಾಕ್ಷ್ಯ ಮಠದ ಕಡೆ, ಇನ್ನೊಂದು ಮರದ ಕಡೆ. ಇಂತಹ ಕಡೆ ತಂತ್ರಾಂಶದ ಓದನ್ನು ಹಾಗೆಯೇ ಬಿಡದೆ, ಎರಡು ಪಾಠಗಳನ್ನೂ ಬರೆದು, ಬಿಂದುವಿನ ಚಿತ್ರವನ್ನು ಪಕ್ಕದಲ್ಲಿ ಅಂಟಿಸಿ, ಆ ಊರನ್ನು ಬಲ್ಲವರ ಕೈಗೆ ಹಾಳೆಯನ್ನು ಕೊಡುತ್ತಾರೆ.